ನಿಲ್ಲಿಸಿ ನೋಡಬೇಕಾದ ನೋವು

ನಾನು ಮೂತ್ರರೋಗ ಶಸ್ತ್ರಚಿಕಿತ್ಸಕ. ಲೇತ್ ಯಂತ್ರದ ಮುಂದೆ ದಿನವಿಡೀ ನಿಲ್ಲುವ 31 ವರ್ಷದವರೊಬ್ಬರು ಬಂದಿದ್ದರು. ಬೆಳಿಗ್ಗೆ ಏನೂ ಇರುವುದಿಲ್ಲ, ಸಂಜೆಯಾಗುತ್ತಿದ್ದಂತೆ ಎಡಗಡೆಯ ಬೀಜ ಕೆಳಕ್ಕೆ ಜಗ್ಗಿದಂತೆ ನೋಯುತ್ತದೆ, ಮಲಗಿದರೆ ಇಳಿಯುತ್ತದೆ ಎಂದರು. ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಿಲ್ಲ ಎಂಬ ಮಾತು ಹೊರಬಂದದ್ದು ಎದ್ದು ಹೊರಡುವಾಗ. ಅದು ಯಾವಾಗಲೂ ಹಾಗೆಯೇ.

ಇಂಥವರನ್ನು ನಾನು ಮೊದಲೇ ಮಲಗಿಸಿ ಪರೀಕ್ಷಿಸುವುದಿಲ್ಲ. ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳುತ್ತೇನೆ. ವೃಷಣದ ಮೇಲ್ಭಾಗದಲ್ಲಿ ಹುಳುಗಳ ಗಂಟಿನಂತೆ ಉಬ್ಬಿದ ರಕ್ತನಾಳಗಳು ಬೆರಳಿಗೆ ಸಿಕ್ಕವು. ಇದೇ ವೇರಿಕೋಸೀಲ್. ಎಡಗಡೆಯ ನಾಳ ಮೂತ್ರಪಿಂಡದ ನಾಳಕ್ಕೆ ನೆಟ್ಟಗೆ ಲಂಬಕೋನದಲ್ಲಿ ಸೇರುವುದರಿಂದ ರಕ್ತ ಹಿಂದಕ್ಕೆ ಇಳಿದು ನಿಲ್ಲುವುದು ಹೆಚ್ಚಾಗಿ ಆ ಕಡೆಗೇ. ಮಲಗಿದಾಗ ಆ ಗಂಟು ಬರಿದಾಯಿತು. ಬರಿದಾಗದಿದ್ದರೆ, ಅಥವಾ ಬಲಗಡೆ ಮಾತ್ರ ಹೊಸದಾಗಿ ಕಂಡಿದ್ದರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸದೆ ಬಿಡುತ್ತಿರಲಿಲ್ಲ. ಒಳಗಿನ ಗಡ್ಡೆಯೊಂದು ನಾಳವನ್ನು ಒತ್ತುತ್ತಿರಬಹುದು. ಇನ್ನು ನೋವು ಹಠಾತ್ತನೆ, ತಡೆಯಲಾರದಷ್ಟು ಬಂದರೆ ಅದು ವೃಷಣ ತಿರುಚಿಕೊಂಡಿರುವ ಸೂಚನೆ. ಆಗ ಗಂಟೆಗಳೇ ಲೆಕ್ಕ, ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ನಿಂತ ರಕ್ತ ವೃಷಣವನ್ನು ಬಿಸಿಯಾಗಿಸುತ್ತದೆ. ವೀರ್ಯಾಣು ತಯಾರಾಗಲು ದೇಹಕ್ಕಿಂತ ಕಡಿಮೆ ಉಷ್ಣತೆ ಬೇಕು. ಆದರೂ ವೇರಿಕೋಸೀಲ್ ಇರುವ ಬಹುಪಾಲು ಗಂಡಸರಿಗೆ ಮಕ್ಕಳಾಗುತ್ತವೆ. ಹಾಗಾಗಿ ನಾನು ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ವೀರ್ಯ ಪರೀಕ್ಷೆ ಮಾಡಿಸಿದೆ. ಪತ್ನಿಯ ಪರೀಕ್ಷೆಯೂ ಜೊತೆಯಲ್ಲೇ ನಡೆಯಿತು. ಅವರದು ಸರಿಯಾಗಿತ್ತು. ಇವರ ವೀರ್ಯಾಣು ಎಣಿಕೆ ಎರಡೂ ಸಲ ಮಿಲಿಲೀಟರಿಗೆ 80 ಲಕ್ಷದ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಮಿತಿ 1.6 ಕೋಟಿ. ಕೈಗೆ ಸಿಗುವ ಗಂಟು, ಕುಗ್ಗಿದ ಎಣಿಕೆ, ಮಗು ಬೇಕೆಂಬ ದಂಪತಿ: ಮೂರೂ ಕೂಡಿದ್ದರಿಂದ ಶಸ್ತ್ರಚಿಕಿತ್ಸೆ ಸೂಚಿಸಿದೆ. ಸ್ಕ್ಯಾನ್ ವರದಿಯಲ್ಲಷ್ಟೇ ಕಾಣುವ ವೇರಿಕೋಸೀಲ್‌ಗೆ ಕತ್ತರಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ.

ತೊಡೆಸಂದಿನ ಬಳಿ ಸಣ್ಣ ಸೀಳು ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಉಬ್ಬಿದ ನಾಳಗಳನ್ನು ಒಂದೊಂದಾಗಿ ಕಟ್ಟಿದೆ. ವೃಷಣಕ್ಕೆ ರಕ್ತ ತರುವ ಅಪಧಮನಿಯನ್ನು ಉಳಿಸುವುದೇ ಇಲ್ಲಿನ ಕೈಚಳಕ. ಅಂಗಾಂಶದ ದ್ರವವನ್ನು ಹೊತ್ತೊಯ್ಯುವ ದುಗ್ಧನಾಳಗಳನ್ನೂ ಕಟ್ಟಿಬಿಟ್ಟರೆ ಮುಂದೆ ವೃಷಣದ ಚೀಲದಲ್ಲಿ ನೀರು ತುಂಬಬಹುದು.

ಜಗ್ಗುವ ನೋವು ಕೆಲವೇ ವಾರಗಳಲ್ಲಿ ಹೋಯಿತು. ಎಲ್ಲರಿಗೂ ಹೋಗುವುದಿಲ್ಲ, ಅದನ್ನು ಮೊದಲೇ ತಿಳಿಸಿದ್ದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಮರುಪರೀಕ್ಷೆಯನ್ನು ಮೂರು ತಿಂಗಳಿಗೆ ಮೊದಲು ಮಾಡಿಸಲಿಲ್ಲ. ಆರನೆಯ ತಿಂಗಳಿಗೆ ಎಣಿಕೆ 2.1 ಕೋಟಿಗೆ ಏರಿತ್ತು. ಪತ್ನಿಗೆ 27 ವರ್ಷವಾದ್ದರಿಂದ ಸಹಜವಾಗಿಯೇ ಇನ್ನಷ್ಟು ಕಾಲ ಪ್ರಯತ್ನಿಸಿ ಎಂದೆ. ಅವರಿಗೆ 38 ಆಗಿದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೂ ಮೊದಲೇ ಬಂಜೆತನ ಚಿಕಿತ್ಸಾ ತಜ್ಞರ ಬಳಿಗೆ ಕಳಿಸುತ್ತಿದ್ದೆ.