ಕುಲದೇವರ ಉತ್ಸವದ ವಂತಿಗೆ: ಬಂಧುಗಳಿಗೆ ನಾನು ಬರೆದ ಪತ್ರ

ನಮ್ಮ ಕುಲದೇವರ ವಾರ್ಷಿಕ ಉತ್ಸವದ ಖರ್ಚನ್ನು ಅಜ್ಜನ ಕಾಲದಿಂದಲೂ ನಾಲ್ಕು ಕವಲುಗಳು ಸಮನಾಗಿ ಹಂಚಿಕೊಳ್ಳುತ್ತಿದ್ದವು. ಕಳೆದ ವರ್ಷ ಒಟ್ಟು 1,08,000 ರೂಪಾಯಿ ಖರ್ಚಾದಾಗ ಕವಲಿಗೆ 27,000 ಬಂತು. ಹಿರಿಯ ಕವಲಿನಲ್ಲಿ ಈಗ ಮೂರೇ ಮನೆಗಳಿರುವುದರಿಂದ ಅಲ್ಲಿ ಪ್ರತಿ ಮನೆಗೆ 9,000, ಒಂಬತ್ತು ಮನೆಗಳಿರುವ ಕಿರಿಯ ಕವಲಿನಲ್ಲಿ 3,000 ಮಾತ್ರ ಬಿತ್ತು. ಆ ಮೂರು ಮನೆಗಳಲ್ಲಿ ಒಂದು, ಸಂಪಾದನೆಯೇ ಇಲ್ಲದ ನಮ್ಮ ದೊಡ್ಡಮ್ಮನದು. ಅವರು ಹಣ ಕಳುಹಿಸಿದರು, ಉತ್ಸವಕ್ಕೆ ಬರಲಿಲ್ಲ.

ಈ ವರ್ಷ ಪತ್ರ ಬರೆಯುವ ಮೊದಲು ಹಳೆಯ ಜಮಾಖರ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ಖರ್ಚನ್ನು ಮೂರು ಬಾಬ್ತುಗಳಾಗಿ ವಿಂಗಡಿಸಿದೆ. ಪೂಜಾ ಸಾಮಗ್ರಿ ಮತ್ತು ಅರ್ಚಕರ ದಕ್ಷಿಣೆಗೆ 24,000 ಆಗಿತ್ತು. ಸಂಕಲ್ಪ ನಾಲ್ಕು ಕವಲುಗಳ ಹೆಸರಿನಲ್ಲಿ ನಡೆಯುವುದರಿಂದ ಅದು ಕವಲಿಗೆ 6,000ದಂತೆ ಹಳೆಯ ಪದ್ಧತಿಯಲ್ಲೇ ಉಳಿಯಲಿ ಎಂದು ಬರೆದೆ. ಅದನ್ನು ಮುಟ್ಟಿದ್ದರೆ ಹಿರಿಯರು ಉಳಿದದ್ದನ್ನು ಓದುತ್ತಲೇ ಇರಲಿಲ್ಲ. ಶಾಮಿಯಾನ, ದೀಪ, ವಾದ್ಯಗಳ 36,000ವನ್ನು 24 ಮನೆಗಳಿಗೆ ತಲಾ 1,500ರಂತೆ ಹಂಚಿದೆ. ಅನ್ನಸಂತರ್ಪಣೆಯ 48,000ವನ್ನು ಮಾತ್ರ ದುಡಿಯುವವರ ಲೆಕ್ಕಕ್ಕೆ ಹಾಕಿದೆ: 40 ಮಂದಿಗೆ ತಲಾ 1,200.

ಇದರಂತೆ ದೊಡ್ಡಮ್ಮನ ಪಾಲು 3,500ಕ್ಕೆ ಇಳಿಯಿತು. ಕಿರಿಯ ಕವಲಿನಲ್ಲಿ ಇಬ್ಬರು ದುಡಿಯುವ ಮನೆಯ ಪಾಲು 3,000ದಿಂದ 4,567ಕ್ಕೆ ಏರಿತು. ಹೆಚ್ಚಾಗುವ ಮನೆಗಳಿಗೆ ಪತ್ರ ತಲುಪುವ ಮೊದಲೇ ನಾನೇ ಫೋನ್ ಮಾಡಿ ಈ ಲೆಕ್ಕವನ್ನು ಓದಿ ಹೇಳಿದೆ.

ಮೊದಲ ಕರಡಿನಲ್ಲಿ ನಾನೇ ಎಡವಿದ್ದೆ. ಯಾರ ಮನೆಯಲ್ಲಿ ಎಷ್ಟು ಮಂದಿ ದುಡಿಯುತ್ತಾರೆಂದು ನಾನೇ ಊಹಿಸಿ ಪಟ್ಟಿ ಮಾಡಿದ್ದೆ. ಅದನ್ನು ನೋಡಿದ ಚಿಕ್ಕಪ್ಪ, "ನನ್ನ ಪಿಂಚಣಿಯನ್ನು ಸಂಪಾದನೆ ಅಂತ ಬರೆದವರು ಯಾರಪ್ಪಾ?" ಎಂದು ಕೇಳಿದರು. ಪಟ್ಟಿಯನ್ನು ತೆಗೆದುಹಾಕಿ, "ತಮ್ಮ ಮನೆಯಲ್ಲಿ ದುಡಿಯುವವರ ಸಂಖ್ಯೆಯನ್ನು ತಾವೇ ತಿಳಿಸಬೇಕು, ಸಂಬಳದ ವಿವರ ಬೇಡ, ಪಿಂಚಣಿದಾರರನ್ನೂ ವಿದ್ಯಾರ್ಥಿಗಳನ್ನೂ ಸೇರಿಸುವುದು ಬೇಡ" ಎಂದು ತಿದ್ದಿ ಬರೆದೆ. ಹಾಗೆ ಬಂದ ಸಂಖ್ಯೆ 37. ಮೂವರು ಕಡಿಮೆಯಾಗಿ 3,600 ಕೊರತೆ ಬಿತ್ತು. ಯಾರನ್ನೂ ಮರಳಿ ಕೇಳದೆ ಅದನ್ನು ಹಿಂದಿನ ಶಿಲ್ಕಿನಿಂದ ತುಂಬಿದೆವು.

ಇನ್ನೆರಡು ವಾಕ್ಯಗಳನ್ನು ಪತ್ರದಲ್ಲಿ ಸೇರಿಸಿದ್ದು ಒಳ್ಳೆಯದಾಯಿತು. ಅಕ್ಕಿ, ತೆಂಗಿನಕಾಯಿ ಕೊಡುವವರಿಗೆ ಖರೀದಿಯ ವಾರದ ಪೇಟೆ ಧಾರಣೆಯಲ್ಲಿ ಬೆಲೆ ಕಟ್ಟಿ ಅವರ ವಂತಿಗೆಯಲ್ಲಿ ಕಳೆಯಲಾಗುವುದು ಎಂಬುದು ಒಂದು. ಸ್ವಇಚ್ಛೆಯಿಂದ ಹೆಚ್ಚು ಕೊಟ್ಟ ಹಣ ಮುಂದಿನ ವರ್ಷದ ಶಿಲ್ಕಿಗೆ ಸೇರುವುದೇ ಹೊರತು ಅದರಿಂದ ಪೂಜೆಯಲ್ಲಿ ಯಾರಿಗೂ ವಿಶೇಷ ಮರ್ಯಾದೆ ಸಲ್ಲದು ಎಂಬುದು ಇನ್ನೊಂದು. ಪರದೇಶದಲ್ಲಿರುವ ತಮ್ಮ ಈ ಎರಡನೆಯದನ್ನು ಓದಿ ಸ್ವಲ್ಪ ಮುನಿಸಿಕೊಂಡ. ಆದರೂ ಹೆಚ್ಚಿನ ಹಣವನ್ನು ಕಳುಹಿಸಿದ.