ಮಗಳು "ತೆಗಿ" ಅಂದಾಗ ತೆಗೆಯೋಕಾಗೋ ಹಾಗೆ ವಿಡಿಯೋ ಮಾಡೋದು

ನನ್ನ ಯೂಟ್ಯೂಬ್ ಚಾನೆಲ್ ಗಿಡಗಳ ಬಗ್ಗೆ. ಮನೆಯಲ್ಲೇ ಶೂಟ್ ಮಾಡೋದ್ರಿಂದ ಮಗಳೂ ಅತ್ತೆಯೂ ಆಗಾಗ ಫ್ರೇಮ್‌ಗೆ ಬರ್ತಾರೆ. ಅವರನ್ನ ಪೂರ್ತಿ ದೂರ ಇಡೋದು ನಂಗಿಷ್ಟ ಇರ್ಲಿಲ್ಲ, ಆದ್ರೆ ಒಂದು ಮಾತು ಮೊದಲೇ ಗಟ್ಟಿ ಮಾಡ್ಕೊಂಡಿದ್ದೆ: ಒಂಬತ್ತು ವರ್ಷದ ಮಗು ಇವತ್ತು ಹೂಂ ಅಂದಿದ್ದು ಹದಿನಾಲ್ಕು ವರ್ಷದ ಹುಡುಗಿಯ ಒಪ್ಪಿಗೆ ಅಲ್ಲ. ಹಾಗಾಗಿ ಮುಂದೆ ಯಾವತ್ತಾದ್ರೂ ಅವಳು ಬೇಡ ಅಂದ್ರೆ, ವಿಡಿಯೋ ಹಾಳಾಗದೆ ಅವಳ ಭಾಗ ಮಾತ್ರ ಕಿತ್ತು ತೆಗೆಯೋ ಹಾಗಿರ್ಬೇಕು. ಫ್ರಾನ್ಸ್‌ನಲ್ಲಿ 2020ರಲ್ಲೇ ಇದಕ್ಕೆ ಕಾನೂನು ಬಂದಿದೆ, ಅಲ್ಲಿ ಮಕ್ಕಳು ಅಪ್ಪ ಅಮ್ಮನ ಒಪ್ಪಿಗೆ ಇಲ್ದೆ ತಾವೇ ನೇರವಾಗಿ ತಮ್ಮ ವಿಡಿಯೋ ಅಳಿಸಿ ಅಂತ ಕೇಳ್ಬೋದು. ಕಾನೂನು ಇರ್ಲಿ ಬಿಡ್ಲಿ, ನಮ್ಮನೇಲಿ ಅದೇ ನಿಯಮ.

ಕೆಲಸ ಶುರುವಾಗೋದು ಶೂಟಿಂಗ್‌ನಲ್ಲೇ. ಮಗಳಿರೋ ಶಾಟ್‌ನಲ್ಲಿ ನಾನು ಮಾಹಿತಿ ಹೇಳೋದಿಲ್ಲ. ಮಣ್ಣು ಹೇಗೆ ಕಲಸ್ಬೇಕು, ಬೇರು ಎಷ್ಟು ಕತ್ತರಿಸ್ಬೇಕು ಅನ್ನೋದೆಲ್ಲ ನನ್ನ ಕೈ ಮಾತ್ರ ಕಾಣೋ ಶಾಟ್‌ನಲ್ಲಿ, ಅವಳು ನೀರು ಹಾಕೋದು ಬೇರೆ ಶಾಟ್‌ನಲ್ಲಿ. ನನ್ನ ಮಾತು ಆಮೇಲೆ ವಾಯ್ಸ್ ಓವರ್. ಅವಳ ಭಾಗ ಒಂದೇ ತುಂಡಾಗಿ ಒಂದೇ ಕಡೆ ಬರೋ ಹಾಗೆ ಎಡಿಟ್ ಮಾಡ್ತೀನಿ, ಅಲ್ಲಲ್ಲಿ ಚೂರು ಚೂರು ಹಂಚಿದ್ರೆ ಮುಂದೆ ಹುಡುಕಿ ತೆಗೆಯೋದೇ ದೊಡ್ಡ ಕೆಲಸ. ಥಂಬ್‌ನೇಲ್‌ನಲ್ಲಿ ಅವಳ ಮುಖ ಹಾಕಲ್ಲ, ಟೈಟಲ್‌ನಲ್ಲಿ ಅವಳ ಹೆಸರು ಬರಲ್ಲ. ಮಗು ಇದ್ರೆ ವ್ಯೂಸ್ ಜಾಸ್ತಿ ಬರುತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ವಿಡಿಯೋ ಅವಳ ಮೇಲೆ ನಿಂತುಬಿಟ್ರೆ ನಾಳೆ ಅವಳು ಬೇಡ ಅಂದಾಗ ನಂಗೇ ತೆಗೆಯೋಕೆ ಮನಸ್ಸು ಬರಲ್ಲ, ಅದೇ ನಂಗೆ ಭಯ.

ಒಪ್ಪಿಗೆ ಕೇಳೋದು ಕ್ಯಾಮೆರಾ ಆಫ್ ಆದ್ಮೇಲೆ. ಕ್ಯಾಮೆರಾ ಎದುರಿಗೆ ಕೇಳಿದ್ರೆ ಮಕ್ಕಳು ಹೂಂ ಅಂತಾನೇ ಅಂತಾರೆ, ಅಮ್ಮನ ಮುಖ ನೋಡಿನೇ ಅವರಿಗೆ ಯಾವ ಉತ್ತರ ಬೇಕು ಅಂತ ಗೊತ್ತಾಗುತ್ತೆ. ಎಡಿಟ್ ಮುಗಿದ ವಿಡಿಯೋ ತೋರಿಸ್ತೀನಿ, ಹಾಕ್ಲಾ ಬೇಡ್ವಾ ಅಂತ ಕೇಳಲ್ಲ, ಯಾರ್ ಯಾರು ನೋಡಿದ್ರೆ ನಿಂಗೆ ಪರವಾಗಿಲ್ಲ ಅಂತ ಕೇಳ್ತೀನಿ. ಒಂದ್ಸಲ ಅವಳೇ, "ಅಮ್ಮಾ, ಇದನ್ನ ನಮ್ ಕ್ಲಾಸಲ್ಲಿ ಎಲ್ರೂ ನೋಡ್ತಾರಾ?" ಅಂದ್ಳು. ನೋಡ್ಬೋದು ಕಣೇ ಅಂದೆ. "ಹಂಗಾದ್ರೆ ನಾನ್ ಹಾಡಿದ್ದು ಬೇಡ, ನೀರು ಹಾಕಿದ್ದು ಇರ್ಲಿ." ಯಾಕೆ ಅಂತ ನಾನು ಕೇಳ್ಲಿಲ್ಲ, ಹಾಡು ತೆಗೆದೆ. ಬೇಡ ಅನ್ನೋಕೆ ಕಾರಣ ಕೊಡ್ಬೇಕು ಅಂತಾದ್ರೆ ಮುಂದಿನ ಸಲ ಬೇಡ ಅನ್ನೋದನ್ನೇ ಬಿಟ್ಬಿಡ್ತಾರೆ. ಅತ್ತೆಗೂ ಇದೇ ಪ್ರಶ್ನೆ. ಅವರು, "ಮುಖ ಬಂದ್ರೆ ಬರ್ಲಿ, ನನ್ನ ಮಾತ್ರೆ ಡಬ್ಬಿ ಕಾಣ್ಬಾರ್ದು" ಅಂದ್ರು. ನಂಗದು ಹೊಳೆದೇ ಇರ್ಲಿಲ್ಲ.

ಅಪ್‌ಲೋಡ್‌ಗೆ ಮುಂಚೆ ಅವಳಿರೋ ಭಾಗ ಎರಡು ರೀತಿ ನೋಡ್ತೀನಿ. ಮೊದಲು ಸೌಂಡ್ ಆಫ್ ಮಾಡಿ ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ, ಅವಳನ್ನಲ್ಲ, ಅವಳ ಹಿಂದೆ ಏನಿದೆ ಅಂತ. ಆಮೇಲೆ ಕಣ್ಣು ಮುಚ್ಚಿ ಬರೀ ಆಡಿಯೋ. ಒಂದು ವಿಡಿಯೋ ಉದಾಹರಣೆಗೆ ಹೇಳ್ತೀನಿ, ಬೆಳಿಗ್ಗೆ ಹೊತ್ತು ಬಾಲ್ಕನಿಯಲ್ಲಿ ಕುಂಡ ಬದಲಾಯಿಸೋದು, ಅವಳು ಬರೋದು 3:40ರಿಂದ 4:25ರವರೆಗೆ. ಯೂನಿಫಾರ್ಮ್ ಹಾಕಿರ್ಲಿಲ್ಲ, ನೋಡೋಕೆ ಏನೂ ತೊಂದ್ರೆ ಇಲ್ಲ. ನಿಲ್ಲಿಸಿ ನೋಡಿದಾಗ ಕುರ್ಚಿ ಮೇಲೆ ಅವಳ ನೋಟ್‌ಬುಕ್, ಅದರ ಲೇಬಲ್‌ನಲ್ಲಿ ಹೆಸರು, ತರಗತಿ, ಸೆಕ್ಷನ್, ಶಾಲೆ ನಾಲ್ಕೂ ಒಂದೇ ಕಡೆ. ಬರೀ ಒಂದು ಕ್ಷಣ ಕಾಣುತ್ತೆ, ಆದ್ರೆ ನಿಲ್ಲಿಸಿ ದೊಡ್ಡದು ಮಾಡಿದ್ರೆ ಓದ್ಬೋದು. ಆಡಿಯೋದಲ್ಲಿ ಇನ್ನೊಂದು, ಕೆಳಗಿಂದ ವ್ಯಾನ್ ಹಾರ್ನ್, ಡ್ರೈವರ್ ಅವಳ ಹೆಸರು ಕೂಗಿದ್ದು, ನಾನು "ಏಳೂವರೆ ಆಯ್ತು ಹೋಗು" ಅಂದಿದ್ದು. ಬಿಡಿಬಿಡಿಯಾಗಿ ನೋಡಿದ್ರೆ ಏನೂ ಅನ್ಸಲ್ಲ, ಒಟ್ಟು ಸೇರಿಸಿದ್ರೆ ಈ ಹೆಸರಿನ ಮಗು ಎಷ್ಟು ಹೊತ್ತಿಗೆ ಯಾವ ಗೇಟ್ ಹತ್ರ ನಿಂತಿರುತ್ತೆ, ಯಾವ ಶಾಲೆಗೆ ಹೋಗುತ್ತೆ ಅಂತ ಗೊತ್ತಾಗುತ್ತೆ. ಬ್ಲರ್ ಮಾಡಿದ್ರೆ ಲೇಬಲ್ ಮುಚ್ಚುತ್ತೆ, ಧ್ವನಿ ಮುಚ್ಚಲ್ಲ, ಅದಕ್ಕೆ ಆ ಆಡಿಯೋ ಪೂರ್ತಿ ತೆಗೆದು ವಾಯ್ಸ್ ಓವರ್ ಹಾಕಿದೆ. ಕೂಗಿದ ಹೆಸರು ಆಟೋಮ್ಯಾಟಿಕ್ ಸಬ್‌ಟೈಟಲ್‌ನಲ್ಲಿ ಅಕ್ಷರವಾಗಿಯೂ ಬರ್ಬೋದು, ಅಲ್ಲಿಗೆ ಅದನ್ನ ಹುಡುಕೋದೂ ಸುಲಭ.

ಶಾಲೆ ಕಾರ್ಯಕ್ರಮದ ವಿಡಿಯೋ ಹಾಕೋದೇ ಇಲ್ಲ, ಅಲ್ಲಿ ಬೇರೆಯವರ ಮಕ್ಕಳಿರ್ತಾರೆ, ಅವರ ಪರವಾಗಿ ನಾನು ಒಪ್ಪಿಗೆ ಕೊಡೋಕಾಗಲ್ಲ.

ಕಾಮೆಂಟ್‌ಗಳೂ ಇವೆ. ನಾನು ಹೆಸರು ಹೇಳ್ದೆ ಇದ್ರೂ ನೆಂಟರು ಪ್ರೀತಿಯಿಂದ ಹೆಸರು ಹಿಡಿದೇ ಬರೀತಾರೆ, ಅವರಿಗೆ ಗೊತ್ತಾಗಲ್ಲ ಪಾಪ. YouTube Studio ಸೆಟ್ಟಿಂಗ್ಸ್‌ನಲ್ಲಿ Blocked words ಅಂತಿದೆ, ಅಲ್ಲಿ ಅವಳ ಹೆಸರು, ಮನೇಲಿ ಕರೆಯೋ ಹೆಸರು, ಶಾಲೆ ಹೆಸರು, ಕನ್ನಡ ಇಂಗ್ಲಿಷ್ ಎರಡರಲ್ಲೂ ಬೇರೆ ಬೇರೆ ಸ್ಪೆಲ್ಲಿಂಗ್‌ನಲ್ಲಿ ಹಾಕಿಟ್ಟಿದ್ದೀನಿ. ಆ ಪದ ಇರೋ ಕಾಮೆಂಟ್ ನಾನು ನೋಡೋವರೆಗೂ ಹೊರಗೆ ಕಾಣಲ್ಲ.

ಇದೆಲ್ಲ ಉಪಯೋಗಕ್ಕೆ ಬಂದಿದ್ದು ಅವಳಿಗೆ ಹನ್ನೆರಡಾದಾಗ. "ಅಮ್ಮಾ, ಆ ಬಾಲ್ಕನಿ ವಿಡಿಯೋದಲ್ಲಿ ನಾನಿರೋದು ತೆಗೀತೀಯಾ?" ಅಂದ್ಳು. ಯಾವ ವಿಡಿಯೋದಲ್ಲಿ ಯಾವ ಸಮಯಕ್ಕೆ ಅವಳು ಇದ್ದಾಳೆ ಅಂತ ಒಂದು ಶೀಟ್‌ನಲ್ಲಿ ಬರೆದಿಡ್ತೀನಿ, ಹಾಗಾಗಿ ಹುಡುಕೋ ಕೆಲಸ ಇರ್ಲಿಲ್ಲ. ಮೊದಲು ವಿಡಿಯೋನ Private ಮಾಡಿದೆ. Unlisted ಸಾಕಾಗಲ್ಲ, ಲಿಂಕ್ ಇದ್ದವರು ನೋಡ್ತಾನೇ ಇರ್ತಾರೆ. ಹೊಸ ಕಟ್ ಪ್ರೊಸೆಸ್ ಆಗೋವರೆಗೂ ಹಳೇದೇ ಓಡ್ತಿರುತ್ತೆ, ಅದಕ್ಕೇ ಮುಚ್ಚಿಟ್ಟು ಕೆಲಸ ಮಾಡೋದು ಒಳ್ಳೇದು. Studioದಲ್ಲಿ Editor ತೆರೆದು Trim & cut, New cut, 3:40ರಿಂದ 4:25 ಆಯ್ಕೆ ಮಾಡಿ, ಪ್ರಿವ್ಯೂ ನೋಡಿ Save. ಲಿಂಕ್ ಬದಲಾಗಲ್ಲ, ವ್ಯೂಸ್ ಕಾಮೆಂಟ್ ಎಲ್ಲ ಹಾಗೇ ಇರುತ್ತೆ. ಆಮೇಲೆ ಡಿಸ್ಕ್ರಿಪ್ಷನ್‌ನಲ್ಲಿ ನಾನು ಬರೆದಿದ್ದ ಟೈಮ್‌ಸ್ಟಾಂಪ್‌ಗಳಲ್ಲಿ ಆ ಭಾಗದ ನಂತರದ್ದೆಲ್ಲ 45 ಸೆಕೆಂಡ್ ಮುಂದಾಗಿದ್ವು, ಕೈಯಲ್ಲೇ ಸರಿ ಮಾಡ್ಬೇಕಾಯ್ತು. ಸಬ್‌ಟೈಟಲ್ ತೆರೆದು ಅವಳ ಹೆಸರೆಲ್ಲಾದ್ರೂ ಉಳಿದಿದ್ಯಾ ಅಂತಲೂ ನೋಡಿದೆ. ಒಂದು ಮಿತಿ ಇದೆ, ಪಾರ್ಟ್ನರ್ ಪ್ರೋಗ್ರಾಂನಲ್ಲಿ ಇಲ್ದಿರೋ ಚಾನೆಲ್‌ನ ವಿಡಿಯೋ 1 ಲಕ್ಷ ವ್ಯೂಸ್ ದಾಟಿದ್ರೆ ಎಡಿಟ್ ಸೇವ್ ಮಾಡೋಕೆ ಬಿಡದೇ ಇರ್ಬೋದು, ಮುಖ ಬ್ಲರ್ ಮಾಡೋದು ಬಿಟ್ರೆ. ಆಗ ಬ್ಲರ್ ಸಾಕಾ, ಇಲ್ಲಾ ಇಡೀ ವಿಡಿಯೋನೇ ತೆಗೆಯೋದಾ ಅಂತ ಅವಳನ್ನೇ ಕೇಳ್ತಿದ್ದೆ.

ನನ್ನ ಕೈಲಾಗದ್ದೂ ಇದೆ. ಯಾರಾದ್ರೂ ಮೊದಲೇ ಡೌನ್‌ಲೋಡ್ ಮಾಡ್ಕೊಂಡಿದ್ರೆ ಅದು ಅವರ ಫೋನ್‌ನಲ್ಲೇ ಇರುತ್ತೆ. ಮತ್ತೆ ಯೂಟ್ಯೂಬ್‌ಗೆ ಹಾಕಿದ್ರೆ, ಶೂಟ್ ಮಾಡಿದವಳು ನಾನೇ ಆದ್ರಿಂದ ಕಾಪಿರೈಟ್ ಹೆಸರಲ್ಲಿ ತೆಗೆಸೋಕೆ ಕೇಳ್ಬೋದು, ಪ್ರೈವಸಿ ದೂರನ್ನೂ ಕೊಡ್ಬೋದು, ಆದ್ರೆ ಅದು ನನ್ನ ಕಣ್ಣಿಗೆ ಬಿದ್ರೆ ಮಾತ್ರ. ಅದಕ್ಕೆ ಈಗ ಅವಳನ್ನ ಕೇಳುವಾಗಲೇ ಇದನ್ನೂ ಹೇಳ್ತೀನಿ, ನನ್ನ ಚಾನೆಲ್‌ನಿಂದ ಯಾವಾಗ ಬೇಕಾದ್ರೂ ತೆಗೀತೀನಿ, ಬೇರೆಯವರ ಹತ್ರ ಹೋಗಿದ್ದು ವಾಪಸ್ ತರ್ತೀನಿ ಅಂತ ಮಾತು ಕೊಡೋಕಾಗಲ್ಲ. ಅದನ್ನ ಕೇಳಿದ್ಮೇಲೆ ಕೆಲವಕ್ಕೆ ಬೇಡ ಅಂತಾಳೆ, ಕೆಲವದರಲ್ಲಿ ಕೈ ಮಾತ್ರ ತೋರಿಸು ಅಂತಾಳೆ.