ಕಾಕಾ, ಮಾಮಾ ಮತ್ತು ಒಂದು ‘ರಿ’

ನಾನು ಮೈಸೂರು ಕಡೆಯವಳು. ಮನೆಮನೆ ಸಮೀಕ್ಷೆಯ ಕೆಲಸಕ್ಕೆ ಗದಗಕ್ಕೆ ಬಂದು ಆರು ವರ್ಷವಾಯಿತು. ಗುರುತಿಲ್ಲದವರನ್ನು ಕರೆಯುವ ಮಾತು ತಪ್ಪಿದರೆ ಮುಂದಿನ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಇದನ್ನು ನಾನು ಕಲಿತದ್ದು ಬಾಗಿಲಲ್ಲಿ ನಿಂತೇ.

ಮೊದಲ ವಾರ ಎಲ್ಲರಿಗೂ ಸರ್ ಅನ್ನುತ್ತಿದ್ದೆ. ಲಕ್ಕುಂಡಿಯಲ್ಲಿ ಕಟ್ಟೆ ಮೇಲೆ ಕೂತಿದ್ದ ರೈತರೊಬ್ಬರಿಗೆ "ಸರ್, ಮನೇಲಿ ಎಷ್ಟು ಜನ ಇದ್ದೀರಿ?" ಅಂದೆ. ಅವರು ಥಟ್ಟನೆ ಎದ್ದು ನಿಂತರು. "ಯಾವ ಆಫೀಸಿನವ್ರ್ರಿ? ನಂದೇನೂ ಬಾಕಿ ಇಲ್ರಿ" ಅಂದರು. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಸರ್ ಸರಿಯೇ. ಕಟ್ಟೆ ಮೇಲೆ ಅದು ನೋಟಿಸ್ ಬಂದ ಹಾಗೆ ಕೇಳಿಸುತ್ತದೆ.

ಆಮೇಲೆ ಮಾಮಾ ಶುರು ಮಾಡಿದೆ. ಒಂದು ಮನೆಯಲ್ಲಿ ಮೂವತ್ತೈದರ ಆಸುಪಾಸಿನ ಗಂಡಸಿಗೆ "ಮಾಮಾ, ರೇಷನ್ ಕಾರ್ಡ್ ತೋರಿಸ್ತೀರಾ?" ಅಂದೆ. ಅವರು ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟರು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವರ ತಾಯಿ ನಕ್ಕರು. "ಯವ್ವಾ, ಈ ಮನಿಗೆ ಸೊಸಿ ಆಗಿ ಬರ್ತೀಯೇನ? ಅಣ್ಣಾ ಅನ್ನು." ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿ ಇದೆ. ಗಂಡನ ಅಪ್ಪನೂ ಮಾಮಾನೇ. ಹಾಗಾಗಿ ಹರೆಯದ ಹುಡುಗಿ ಅಪರಿಚಿತನಿಗೆ ಮಾಮಾ ಅಂದರೆ ಮಾತು ಮದುವೆ ಕಡೆ ವಾಲುತ್ತದೆ. ಕಾಕಾ ಅಂದರೆ ಅಪ್ಪನ ತಮ್ಮ, ಅಣ್ಣ ಅಂದರೆ ಒಡಹುಟ್ಟಿದವನು. ಆ ನಂಟುಗಳಲ್ಲಿ ಮದುವೆ ಮಾತಿಗೆ ಜಾಗವೇ ಇಲ್ಲ. ಚಿಕ್ಕ ಹುಡುಗರು ಮಾಮಾ ಅಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅದು ಬರೀ ಸಲುಗೆ.

ಆದರೆ ಸುಮ್ನೆ ಅಣ್ಣಾ ಅಂದರೂ ಸಾಲದು. ಹುಬ್ಬಳ್ಳಿ ಬಸ್ಸಿನಲ್ಲಿ "ಅಣ್ಣಾ, ಜಾಗ ಬಿಡು" ಅಂದರೆ ಜಗಳಕ್ಕೆ ಕರೆದ ಹಾಗೆ. "ಅಣ್ಣಾರ, ಸ್ವಲ್ಪ ಜಾಗಾ ಬಿಡ್ರಿ" ಅಂದರೆ ಪಕ್ಕದವರೂ ಸರಿದು ಕೂರುತ್ತಾರೆ. ನಂಟಿನ ಮಾತು ಹತ್ತಿರ ಕರೆಯುತ್ತದೆ, ಮರ್ಯಾದೆ ಇರುವುದು ಕೊನೆಯ ‘ರ’, ‘ರಿ’ಗಳಲ್ಲಿ. ನನಗಿಂತ ಚಿಕ್ಕ ಸೊಸೆಯಂದಿರಿಗೂ ಅಕ್ಕಾರ ಅನ್ನುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಈಗ ಬಾಗಿಲಲ್ಲಿ ಮೊದಲು ಯಾವ ನಂಟೂ ಹಚ್ಚುವುದಿಲ್ಲ. "ಮನಿಯಾಗ ಯಾರದಾರ್ರಿ?" ಅಂತೀನಿ. ಓಣಿಯವರು ಅವರನ್ನು ಹೇಗೆ ಕರೆಯುತ್ತಾರೆ ಅಂತ ಕೇಳಿಸಿಕೊಂಡು, ಆಮೇಲೆ ಕಾಕಾರ ಅಥವಾ ಅಣ್ಣಾರ. ನಾನು ಕರೆದದ್ದು ಸರಿಹೋಯಿತೋ ಇಲ್ಲವೋ ಅನ್ನುವುದು ಅವರು ನನ್ನನ್ನು ಏನಂತ ಕರೆಯುತ್ತಾರೆ ಅನ್ನುವುದರಲ್ಲೇ ಗೊತ್ತಾಗುತ್ತದೆ. ಮೇಡಂ ಅಂದರೆ ನಾನಿನ್ನೂ ಆಫೀಸಿನವಳೇ.

ಮರುವರ್ಷ ಲಕ್ಕುಂಡಿಯ ಅದೇ ಕಟ್ಟೆಗೆ ಹೋಗಿ "ಕಾಕಾರ, ಅರಾಮದೀರಿ?" ಅಂದೆ. ಅವರು ಏಳಲಿಲ್ಲ. ಪಕ್ಕದಲ್ಲಿದ್ದ ಟವೆಲ್ ಎತ್ತಿಕೊಂಡು ಜಾಗ ಮಾಡಿದರು. "ಬಾರವಾ ತಂಗಿ, ಕುಂದರು" ಅಂದರು.